ನೂರರಲ್ಲಿ ಉಳಿದ ಆ ಮೂರು

ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ಅಪ್ಪ ಡಾಕ್ಟರ ಬಳಿಗೆ ಹೋದಾಗ ಅವರು ಮೊದಲು ಕೇಳಿದ್ದು ದಿನಕ್ಕೆ ಎಷ್ಟು ಕಾಫಿ ಎಂದು. ಬೆಳಿಗ್ಗೆ ಎರಡು, ತಿಂಡಿಯ ಜೊತೆ ಒಂದು, ಸಂಜೆ ಒಂದು. ನಲವತ್ತು ವರ್ಷಗಳ ಅಭ್ಯಾಸ. ಪೂರ್ತಿ ಬಿಡಲು ಆಗದಿದ್ದರೆ ಡಿಕ್ಯಾಫ್ ಕುಡಿಯಿರಿ ಎಂದರು ಡಾಕ್ಟರು. ತಮ್ಮ ಹುಡುಕಿ ಒಂದು ಪ್ಯಾಕೆಟ್ ತಂದ. ಅದರ ಮೇಲೆ ಶೇಕಡಾ 97 ಕೆಫೀನ್ ತೆಗೆಯಲಾಗಿದೆ ಎಂದಿತ್ತು. ಅಪ್ಪ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿ ಕೇಳಿದರು: "ಮಿಕ್ಕ ಮೂರು ಯಾಕೆ ಬಿಟ್ಟಿದ್ದಾರೆ?"

ಈ ಪ್ರಶ್ನೆಗೆ ಉತ್ತರ ಬೇಕಾದರೆ ಕೆಫೀನನ್ನು ತೆಗೆಯುವ ಬಗೆ ಗೊತ್ತಿರಬೇಕು. ಅದನ್ನು ತೆಗೆಯುವುದು ಪುಡಿಯಿಂದಲೂ ಅಲ್ಲ, ಡಿಕಾಕ್ಷನ್‌ನಿಂದಲೂ ಅಲ್ಲ. ಹುರಿಯದ ಹಸಿ ಬೀಜದಿಂದ. ಕಾಫಿಯ ಘಮ ಹುಟ್ಟುವುದು ಹುರಿದಾಗ. ಹುರಿದ ಬೀಜವನ್ನು ತೊಳೆದರೆ ಆ ಘಮವೂ ತೊಳೆದುಹೋಗುತ್ತದೆ. ಹಸಿ ಬೀಜದಲ್ಲಿ ಇರುವುದು ಮುಂದೆ ಘಮವಾಗಬೇಕಾದ ಸಕ್ಕರೆ, ಆಮ್ಲ, ಪ್ರೋಟೀನುಗಳು. ಅವನ್ನೆಲ್ಲ ಒಳಗೇ ಉಳಿಸಿ ಕೆಫೀನನ್ನು ಮಾತ್ರ ಹೊರಗೆ ಕರೆಯಬೇಕು. ಕಷ್ಟ ಇರುವುದು ಇಲ್ಲೇ. ಕೆಫೀನ್ ಬಿಸಿನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಆದರೆ ಉಳಿದವೂ ಕರಗುತ್ತವೆ. ಸಾಲದ್ದಕ್ಕೆ, ಬೀಜದೊಳಗೆ ಕೆಫೀನ್ ಕ್ಲೋರೋಜೆನಿಕ್ ಆಮ್ಲದ ಜೊತೆ ಅಂಟಿಕೊಂಡು ಕುಳಿತಿರುತ್ತದೆ. ತೇವ ಮತ್ತು ಶಾಖ ಸೇರಿದರೆ ಮಾತ್ರ ಆ ಅಂಟು ಸಡಿಲವಾಗುತ್ತದೆ. ಹಾಗಾಗಿ ಯಾವ ವಿಧಾನವೇ ಆಗಲಿ, ಮೊದಲ ಹೆಜ್ಜೆ ಬೀಜವನ್ನು ನೀರಿನಲ್ಲೋ ಹಬೆಯಲ್ಲೋ ನೆನೆಸಿ ಉಬ್ಬಿಸುವುದು.

ಇದನ್ನು ವ್ಯಾಪಾರವಾಗಿ ಮೊದಲು ಮಾಡಿದವನು ಜರ್ಮನಿಯ ಬ್ರೆಮೆನ್ ಬಂದರಿನ ಕಾಫಿ ವರ್ತಕ ಲುಡ್ವಿಗ್ ರೋಸೇಲಿಯಸ್. ಹಡಗಿನಲ್ಲಿ ಸಮುದ್ರದ ನೀರು ಹೊಕ್ಕು ನೆನೆದ ಕಾಫಿ ಮೂಟೆಗಳಿಂದ ಅವನಿಗೆ ಈ ಯೋಚನೆ ಹೊಳೆಯಿತು ಎಂದು ಹೇಳುತ್ತಾರೆ. ಅವನು ಬೀಜವನ್ನು ಹಬೆಯಲ್ಲಿ ಉಬ್ಬಿಸಿ ಬೆಂಜೀನ್ ಎಂಬ ದ್ರಾವಕದಿಂದ ಕೆಫೀನನ್ನು ತೊಳೆದ. 1906ರಲ್ಲಿ ಕಾಫೀ ಹಾಗ್ ಎಂಬ ಕಂಪನಿ ಶುರುವಾಯಿತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಎಂದು ಮುಂದೆ ತಿಳಿದು, ಅದನ್ನು ಕಾಫಿಗೆ ಬಳಸುವುದು ನಿಂತಿತು. ಡಿಕ್ಯಾಫ್ ಎಂದರೆ ಕೆಮಿಕಲ್ ಎಂಬ ಅಂಜಿಕೆಗೆ ಹೀಗೆ ಮೊದಲ ಕಾರ್ಖಾನೆಯಲ್ಲೇ ಕಾರಣ ಸಿಕ್ಕಿತ್ತು.

ಇಂದೂ ದ್ರಾವಕದ ವಿಧಾನ ಚಾಲ್ತಿಯಲ್ಲಿದೆ. ದ್ರಾವಕ ಮಾತ್ರ ಬದಲಾಗಿದೆ: ಒಂದು ಮೀಥೈಲೀನ್ ಕ್ಲೋರೈಡ್, ಇನ್ನೊಂದು ಈಥೈಲ್ ಅಸಿಟೇಟ್. ಹಬೆಯಲ್ಲಿ ಉಬ್ಬಿದ ಬೀಜವನ್ನು ಗಂಟೆಗಟ್ಟಲೆ, ಮತ್ತೆ ಮತ್ತೆ ದ್ರಾವಕದಲ್ಲಿ ತೊಳೆದು, ಕೊನೆಗೆ ಹಬೆ ಹಾಯಿಸಿ ದ್ರಾವಕವನ್ನು ಓಡಿಸಿ ಒಣಗಿಸುತ್ತಾರೆ. ಮೀಥೈಲೀನ್ ಕ್ಲೋರೈಡ್ ಸುಮಾರು 40 ಡಿಗ್ರಿಗೇ ಕುದಿದು ಆವಿಯಾಗುವ ವಸ್ತು. ಕಾಫಿ ಹುರಿಯುವುದು 200 ಡಿಗ್ರಿ ಆಸುಪಾಸಿನಲ್ಲಿ. ಆದ್ದರಿಂದ ಅದು ಲೋಟದವರೆಗೆ ಬರುವುದು ತೀರ ಅಲ್ಪ. ಹುರಿದ ಕಾಫಿಯಲ್ಲಿ ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಬಾರದು ಎಂಬುದು ಅಮೆರಿಕದ ನಿಯಮ, ಯೂರೋಪಿನದು ಎರಡೇ ಪಾಲು. ನಿಜವಾದ ಅಪಾಯ ಇರುವುದು ಕಾರ್ಖಾನೆಯಲ್ಲಿ ಅದರ ಆವಿಯನ್ನು ಉಸಿರಾಡುವ ಕೆಲಸಗಾರರಿಗೆ. ಈಥೈಲ್ ಅಸಿಟೇಟ್ ಹಣ್ಣುಗಳಲ್ಲಿಯೂ ಇರುವ ವಸ್ತು. ಕೊಲಂಬಿಯಾದಲ್ಲಿ ಕಬ್ಬನ್ನು ಹುದುಗಿಸಿ ಅದನ್ನು ತಯಾರಿಸಿ, ಆ ಕಾಫಿಯನ್ನು ಕಬ್ಬಿನ ಡಿಕ್ಯಾಫ್ ಎಂದೇ ಮಾರುತ್ತಾರೆ. ಪ್ಯಾಕೆಟ್ಟಿನ ಮೇಲೆ 'ನೈಸರ್ಗಿಕ' ಎಂದು ಬರೆದ ಮಾತ್ರಕ್ಕೆ ಅದು ದ್ರಾವಕವೇ ಅಲ್ಲ ಎಂದುಕೊಳ್ಳಬಾರದು.

ನನಗೆ ಬಹಳ ಹಿಡಿಸಿದ್ದು ನೀರಿನ ವಿಧಾನ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಇದು ಸ್ವಿಸ್ ವಾಟರ್ ಎಂಬ ಹೆಸರಿನಲ್ಲಿ ಬೆಳೆದದ್ದು ಕೆನಡಾದ ವ್ಯಾಂಕೂವರ್ ಸುತ್ತಮುತ್ತ. ಇದರ ಜಾಣತನ ನಮ್ಮ ಮಲೆನಾಡಿನ ಅಡುಗೆಮನೆಯವರಿಗೆ ತಟ್ಟನೆ ಅರ್ಥವಾದೀತು. ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆಯನ್ನು ಮಳೆಗಾಲದಲ್ಲಿ ಪಲ್ಯಕ್ಕೆ ತೆಗೆದಾಗ ಮೊದಲು ಸಪ್ಪೆ ನೀರಿನಲ್ಲಿ ನೆನೆಹಾಕುತ್ತೇವೆ. ಉಪ್ಪು ನೀರಿಗೆ ಬಿಡುತ್ತದೆ. ಜೊತೆಗೆ ಸೊಳೆಯ ಹುಳಿಯೂ ಒಂದಿಷ್ಟು ಬಿಟ್ಟುಹೋಗುತ್ತದೆ. ಹುಳಿ ಉಳಿದು ಉಪ್ಪು ಮಾತ್ರ ಹೋಗಬೇಕೆಂದರೆ ಏನು ಮಾಡಬಹುದು? ಸೊಳೆಯಲ್ಲಿರುವಷ್ಟೇ ಹುಳಿ ಇರುವ, ಆದರೆ ಉಪ್ಪೇ ಇಲ್ಲದ ನೀರಿನಲ್ಲಿ ನೆನೆಸಬೇಕು. ಒಳಗೂ ಹೊರಗೂ ಹುಳಿ ಸಮವಾಗಿರುವುದರಿಂದ ಅದು ಕದಲುವುದಿಲ್ಲ. ಉಪ್ಪು ಮಾತ್ರ ಹೆಚ್ಚಿರುವ ಕಡೆಯಿಂದ ಇಲ್ಲದ ಕಡೆಗೆ ಹರಿಯುತ್ತದೆ.

ಕಾಫಿಯಲ್ಲಿ ಮಾಡುವುದೂ ಇದನ್ನೇ. ಮೊದಲು ಒಂದಿಷ್ಟು ಹಸಿ ಬೀಜವನ್ನು ಬಿಸಿನೀರಿನಲ್ಲಿ ನೆನೆಸುತ್ತಾರೆ. ಸಕ್ಕರೆ, ಆಮ್ಲ, ಕೆಫೀನ್ ಎಲ್ಲವೂ ನೀರಿಗಿಳಿಯುತ್ತವೆ. ಸತ್ವ ಹೋದ ಆ ಬೀಜವನ್ನು ಎಸೆಯುತ್ತಾರೆ. ನೀರನ್ನು ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲಿನ ಮೂಲಕ ಹಾಯಿಸಿದಾಗ ಇದ್ದಿಲು ಕೆಫೀನನ್ನು ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಈಗ ಕೈಗೆ ಸಿಕ್ಕಿದ್ದು ಕಾಫಿಯ ಸತ್ವವೆಲ್ಲ ತುಂಬಿರುವ, ಕೆಫೀನ್ ಇಲ್ಲದ ನೀರು. ಎರಡನೆಯ ಸಲದ ಬೀಜವನ್ನು ಇದರಲ್ಲಿ ನೆನೆಸಿದರೆ ಕೆಫೀನ್ ಒಂದೇ ಹೊರಬರುತ್ತದೆ. ನೀರು ಮತ್ತೆ ಇದ್ದಿಲಿಗೆ, ಇದ್ದಿಲಿನಿಂದ ಮತ್ತೆ ಬೀಜಕ್ಕೆ, ಹೀಗೆ ಎಂಟು ಹತ್ತು ಗಂಟೆ ಸುತ್ತುತ್ತದೆ.

ಇನ್ನೊಂದು ವಿಧಾನ ಕಾರ್ಬನ್ ಡೈಆಕ್ಸೈಡಿನದು. 31 ಡಿಗ್ರಿ ಶಾಖ ಮತ್ತು ವಾತಾವರಣದ ಒತ್ತಡದ 73 ಪಟ್ಟು ಒತ್ತಡವನ್ನು ದಾಟಿದರೆ ಆ ಅನಿಲ ಅತ್ತ ಗಾಳಿಯೂ ಅಲ್ಲದ, ಇತ್ತ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಗಾಳಿಯಂತೆ ಬೀಜದೊಳಕ್ಕೆ ನುಗ್ಗಿ, ದ್ರವದಂತೆ ಕೆಫೀನನ್ನು ಕರಗಿಸಿಕೊಂಡು ಬರುತ್ತದೆ. ಇದನ್ನು ಕಂಡುಕೊಂಡವರು 1960ರ ದಶಕದಲ್ಲಿ ಜರ್ಮನಿಯ ಮಾಕ್ಸ್ ಪ್ಲಾಂಕ್ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯ ಕುರ್ಟ್ ಝೋಸೆಲ್. ರುಚಿ ಚೆನ್ನಾಗಿ ಉಳಿಯುತ್ತದೆ. ಆದರೆ ಅಷ್ಟು ಒತ್ತಡ ತಡೆಯುವ ಉಕ್ಕಿನ ಪಾತ್ರೆಗಳಿಗೆ ದೊಡ್ಡ ಬಂಡವಾಳ ಬೇಕು.

ಅಪ್ಪನ ಪ್ರಶ್ನೆಗೆ ಉತ್ತರ ಈಗ ಸಿಗುತ್ತದೆ. ಕೆಫೀನ್ ಹರಿದುಬರುವುದು ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂಬ ವ್ಯತ್ಯಾಸದ ಬಲದಿಂದ. ಒಳಗಿನದು ಕಡಿಮೆಯಾದಂತೆ ಆ ಬಲವೂ ಕುಗ್ಗುತ್ತದೆ. ಮೊದಲ ಅರ್ಧ ಬೇಗ ಹೊರಡುತ್ತದೆ. ಕೊನೆಯ ಚೂರು ಬೀಜದ ನಡುವಿನಿಂದ ತೆವಳುತ್ತಾ ಬರಬೇಕು. ಅದಕ್ಕಾಗಿ ಇನ್ನಷ್ಟು ಹೊತ್ತು ನೆನೆಸಿದರೆ ರುಚಿ ಸೋರುತ್ತದೆ, ಖರ್ಚು ಏರುತ್ತದೆ. ಎಲ್ಲೋ ಒಂದು ಕಡೆ ಸಾಕು ಎನ್ನಬೇಕು. ಅಮೆರಿಕದಲ್ಲಿ ರೂಢಿಯಾಗಿ ಶೇಕಡಾ 97 ತೆಗೆದರೆ ಸಾಕು. ಯೂರೋಪಿನಲ್ಲಿ ಎಷ್ಟು ತೆಗೆದಿರಿ ಎಂದು ಕೇಳುವುದಿಲ್ಲ, ಎಷ್ಟು ಉಳಿಯಿತು ಎಂದು ಕೇಳುತ್ತಾರೆ: ಹುರಿದ ಕಾಫಿಯಲ್ಲಿ ತೂಕದ ಶೇಕಡಾ 0.1, ಇನ್‌ಸ್ಟಂಟ್ ಕಾಫಿಯಲ್ಲಿ 0.3 ಮೀರಬಾರದು. ನನ್ನ ಮಟ್ಟಿಗೆ ಯೂರೋಪಿನ ಲೆಕ್ಕವೇ ಸರಿ. ಕುಡಿಯುವವನ ದೇಹಕ್ಕೆ ಸೇರುವುದು ಉಳಿದದ್ದು.

ಏಕೆಂದರೆ ಬೀಜ ಯಾವುದು ಎಂಬುದರ ಮೇಲೆ ಆ ಮೂರರ ತೂಕ ಬದಲಾಗುತ್ತದೆ. ಅರೇಬಿಕಾದಲ್ಲಿ ಸುಮಾರು ಶೇಕಡಾ 1.2 ಕೆಫೀನ್, ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೋಬಸ್ಟಾದಲ್ಲಿ ಹತ್ತಿರ ಹತ್ತಿರ ಅದರ ಇಮ್ಮಡಿ, 2.2. ಒಂದು ಲೋಟಕ್ಕೆ ಹತ್ತು ಗ್ರಾಂ ಪುಡಿ ಎಂದಿಟ್ಟುಕೊಳ್ಳೋಣ. ಅರೇಬಿಕಾ ಪುಡಿಯಲ್ಲಿ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. 97 ಪಾಲು ತೆಗೆದರೆ ಉಳಿಯುವುದು ಮೂರೂವರೆ ಮಿಲಿಗ್ರಾಂ ಚಿಲ್ಲರೆ. ರೋಬಸ್ಟಾದಲ್ಲಿ 220 ಇದ್ದದ್ದು ಆರೂವರೆ ಆಗುತ್ತದೆ. ದಿನಕ್ಕೆ ನಾಲ್ಕು ಲೋಟ ರೋಬಸ್ಟಾ ಡಿಕ್ಯಾಫ್ ಕುಡಿದರೂ 26 ಮಿಲಿಗ್ರಾಂ, ಅಂದರೆ ಒಂದು ಲೋಟ ಚಹಾದಷ್ಟೂ ಆಗುವುದಿಲ್ಲ. ನಾವು ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ; ಅದು ಒಂದು ಗಿಡದ ಬೇರು. ಚಿಕೋರಿ ಸೇರಿದಷ್ಟೂ ಲೆಕ್ಕ ಇಳಿಯುತ್ತದೆ.

ಲೋಟದಲ್ಲೂ ಅಳೆದು ನೋಡಿದ್ದಾರೆ. ಫ್ಲೋರಿಡಾ ವಿಶ್ವವಿದ್ಯಾಲಯದ ಬ್ರೂಸ್ ಗೋಲ್ಡ್‌ಬರ್ಗರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಹತ್ತು ಬಗೆಯ ಡಿಕ್ಯಾಫ್ ಪರೀಕ್ಷಿಸಿದರು. ಒಂದನ್ನು ಬಿಟ್ಟು ಎಲ್ಲದರಲ್ಲೂ ಕೆಫೀನ್ ಇತ್ತು: ಹೆಚ್ಚುಕಡಿಮೆ ಅರ್ಧ ಲೀಟರಿನ ದೊಡ್ಡ ಲೋಟಕ್ಕೆ 8.6ರಿಂದ 13.9 ಮಿಲಿಗ್ರಾಂ. ಡಿಕ್ಯಾಫ್ ಎಂದರೆ ಕೆಫೀನ್ ಇಲ್ಲದ್ದು ಎಂದಲ್ಲ, ಬಹುಪಾಲು ಕಳೆದದ್ದು ಎಂದು.

ಅಪ್ಪ ಈ ಲೆಕ್ಕ ಒಪ್ಪಿದರು. ಎರಡು ತಿಂಗಳು ನಿದ್ದೆಯೂ ಚೆನ್ನಾಗಿಯೇ ಬಂತು. ಆಮೇಲೆ ಹುರಿದ ಡಿಕ್ಯಾಫ್ ಬೀಜ ಕಾಲು ಕಿಲೋ ಸಿಕ್ಕಿತು. ತಾಜಾ ಪುಡಿಯ ಆಸೆಗೆ ನಾನೇ ಅದನ್ನು ಒಂದು ಕಾಫಿ ಪುಡಿ ಅಂಗಡಿಗೆ ಒಯ್ದು ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದೆ. ಮೂರನೆಯ ರಾತ್ರಿ ಅಪ್ಪ ಹಾಲಿನಲ್ಲಿ ದೀಪ ಹಾಕಿಕೊಂಡು ಕುಳಿತಿದ್ದರು.

ಕಾರಣ ಹೊಳೆದದ್ದು ಮತ್ತೊಂದು ದಿನ ಅದೇ ಅಂಗಡಿಯ ಮುಂದೆ ನಿಂತಿದ್ದಾಗ. ನನ್ನ ಮುಂದಿನವರಿಗೆ ರೋಬಸ್ಟಾ ಬೀಸಿದರು. ಮಿಲ್ಲನ್ನು ತಟ್ಟಿದಾಗ ಇನ್ನೊಂದು ಹಿಡಿ ಪುಡಿ ಉದುರಿತು. ತಟ್ಟದಿದ್ದರೆ ಅದು ನನ್ನ ಪೊಟ್ಟಣಕ್ಕೇ ಬೀಳುತ್ತಿತ್ತು. ಲೆಕ್ಕ ಹಾಕಿದೆ. 25 ಗ್ರಾಂ ಸಾದಾ ರೋಬಸ್ಟಾ ಪುಡಿಯಲ್ಲಿ 550 ಮಿಲಿಗ್ರಾಂ ಕೆಫೀನ್. ಅದು ಕಾಲು ಕಿಲೋ ಡಿಕ್ಯಾಫಿನಲ್ಲಿ ಹರಡಿದರೆ ಲೋಟಕ್ಕೆ ಸರಿಸುಮಾರು 20 ಮಿಲಿಗ್ರಾಂ ಹೆಚ್ಚುವರಿ. ಕಾರ್ಖಾನೆ ಬಿಟ್ಟ ಮೂರು ಪಾಲಿನ ಮೂರು ಪಟ್ಟು! ಅದೂ ಸಮವಾಗಿ ಹರಡುವುದಿಲ್ಲ. ಮೊದಲು ಬೀಳುವ ಪುಡಿಯಲ್ಲೇ ಹೆಚ್ಚು. ಅಪ್ಪನ ನಿದ್ದೆ ಕೆಟ್ಟದ್ದು ಇದರಿಂದಲೇ ಎಂದು ಪ್ರಮಾಣ ಮಾಡಲಾರೆ. ಆದರೆ ದೇಹಕ್ಕೆ ಹೋದ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು, ಬಸುರಿಯರಲ್ಲಿ ಇನ್ನೂ ಬಹಳ ಹೆಚ್ಚು. ಸಂಜೆಯ ಲೋಟ ರಾತ್ರಿ ಮಲಗುವ ಹೊತ್ತಿಗೂ ಒಳಗೆ ಎಚ್ಚರವಾಗಿಯೇ ಇರುತ್ತದೆ.

ಇಂಥ ಬೆರಕೆಯನ್ನು ನಾಲಿಗೆಯಿಂದ ಪತ್ತೆಹಚ್ಚಲು ಆಗುವುದಿಲ್ಲ. ಕಾಫಿಯ ಕಹಿಯಲ್ಲಿ ಕೆಫೀನಿನ ಪಾಲು ಸಣ್ಣದು. ಹೆಚ್ಚಿನ ಕಹಿ ಹುಟ್ಟುವುದು ಹುರಿದಾಗ. ಬಣ್ಣವೂ ನೆರವಾಗದು: ಡಿಕ್ಯಾಫ್ ಬೀಜ ಹುರಿಯುವ ಮೊದಲೇ ಕಂದಾಗಿರುತ್ತದೆ, ಹುರಿಯುವಾಗ ಬೇಗ ಕಪ್ಪಾಗುತ್ತದೆ. ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. ಹೊಟ್ಟೆ ಉರಿಯ ಕಾರಣಕ್ಕೆ ಡಿಕ್ಯಾಫಿಗೆ ಬದಲಾಗುವವರಿಗೂ ಒಂದು ಮಾತು: ಇದರಲ್ಲಿ ಕಾಫಿಯ ಆಮ್ಲಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ, ಉರಿ ನಿಲ್ಲದೆಯೂ ಇರಬಹುದು.

ಈಗ ನಮ್ಮ ಮನೆಯಲ್ಲಿ ಎರಡು ಡಬ್ಬಿ, ಎರಡು ಫಿಲ್ಟರ್, ಎರಡು ಚಮಚ. ಅಪ್ಪನ ಬೀಜವನ್ನು ಮನೆಯ ಮಿಕ್ಸಿಯ ಸಣ್ಣ ಜಾರಿನಲ್ಲೇ ಪುಡಿ ಮಾಡುತ್ತೇವೆ. ಆ ಜಾರಿಗೆ ಬೇರೆ ಕಾಫಿ ಬೀಳುವುದಿಲ್ಲ. ಮೊನ್ನೆ ಸಂಜೆ ಅಮ್ಮ ಮರೆತು ಚಮಚ ಅದಲುಬದಲು ಮಾಡಿದಾಗ ಅಪ್ಪ ಎದ್ದು ಬಂದು ತಾವೇ ಅದನ್ನು ತೊಳೆದು ಒರೆಸಿ ಸರಿಯಾದ ಡಬ್ಬಿಗೆ ಹಾಕಿದರು.