‘100% ಪೆನಾಲ್ಟಿ ದಾಖಲೆ’ ಎಂಬ ಫಾರ್ವರ್ಡ್: ಮೂರೇ ಒದೆತಗಳಿಂದ ಆಟಗಾರನನ್ನು ಅಳೆಯಬಹುದೇ?

ದೊಡ್ಡ ಫುಟ್ಬಾಲ್ ಟೂರ್ನಿ ಶುರುವಾದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಚಿತ್ರ ಓಡಾಡುತ್ತದೆ. ಎಡಗಡೆ ಒಬ್ಬ ಆಟಗಾರನ ಫೋಟೋ, ಕೆಳಗೆ ‘ಪೆನಾಲ್ಟಿ: 100%’. ಬಲಗಡೆ ಇನ್ನೊಬ್ಬರ ಫೋಟೋ, ಕೆಳಗೆ ‘90%’. ಯಾರು ಮೇಲು ಎಂದು ಬೇರೆ ಹೇಳಬೇಕಿಲ್ಲ. ಆದರೆ ಮೊದಲನೆಯವರು ಹೊಡೆದಿರುವುದು ಮೂರೇ ಪೆನಾಲ್ಟಿ, ಎರಡನೆಯವರು ಐವತ್ತು ಎಂಬ ವಿಷಯ ಚಿತ್ರದಲ್ಲಿ ಇರುವುದಿಲ್ಲ.

ಇದು ಬರೀ ತಮಾಷೆಯಾಗಿ ಉಳಿಯದ ಸಂದರ್ಭವೂ ಇದೆ. 2021ರ ಜುಲೈ 11ರಂದು ಲಂಡನ್‌ನ ವೆಂಬ್ಲಿಯಲ್ಲಿ ಯೂರೋ 2020ರ ಫೈನಲ್ ನಡೆಯಿತು. ಇಂಗ್ಲೆಂಡ್ ಮತ್ತು ಇಟಲಿ 1-1 ಸಮಬಲವಾಗಿ ಪಂದ್ಯ ಶೂಟ್‌ಔಟ್‌ಗೆ ಹೋಯಿತು. ಇಂಗ್ಲೆಂಡ್‌ನ ಐದನೇ ಪೆನಾಲ್ಟಿ ಹೊಡೆಯಲು ಬಂದವರು 19 ವರ್ಷದ ಬುಕಾಯೊ ಸಾಕಾ. ಹಿರಿಯರ ಮಟ್ಟದ ಫುಟ್ಬಾಲ್‌ನಲ್ಲಿ ಅದು ಅವರ ಮೊದಲ ಪೆನಾಲ್ಟಿ. ಇಟಲಿಯ ಗೋಲ್‌ಕೀಪರ್ ಡೊನ್ನರುಮ್ಮ ಅದನ್ನು ತಡೆದರು, ಇಂಗ್ಲೆಂಡ್ 3-2ರಿಂದ ಸೋತಿತು. ಆ ರಾತ್ರಿಯೇ ಸಾಮಾಜಿಕ ಜಾಲತಾಣಗಳಲ್ಲಿ ಸಾಕಾ ಮತ್ತು ಅವರಂತೆಯೇ ಪೆನಾಲ್ಟಿ ತಪ್ಪಿಸಿದ್ದ ರಾಶ್‌ಫರ್ಡ್, ಸಾಂಚೊ ಮೇಲೆ ಜನಾಂಗೀಯ ನಿಂದನೆ ಸುರಿಯಿತು. ನಿಂದನೆಗೆ ಯಾವ ಅಂಕಿಯೂ ಸಮರ್ಥನೆಯಾಗುವುದಿಲ್ಲ, ಅದು ಬೇರೆ ಮಾತು. ಆದರೆ ‘ಒಂದಕ್ಕೆ ಸೊನ್ನೆ, ಅಂದರೆ 0%’ ಎಂಬ ಲೆಕ್ಕ, ಲೆಕ್ಕವಾಗಿಯೂ ತಪ್ಪು. ಹೇಗೆ ಎಂದು ನೋಡೋಣ.

ಖಾಲಿ ಹಾಳೆಯಿಂದ ಶುರು ಮಾಡಬೇಕಿಲ್ಲ

ಒಬ್ಬ ಆಟಗಾರನ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಪೆನಾಲ್ಟಿಗಳ ಬಗ್ಗೆ ನಮಗೆ ಸಾಕಷ್ಟು ಗೊತ್ತಿದೆ. ದೊಡ್ಡ ಲೀಗ್‌ಗಳಲ್ಲಿ ನಾಲ್ಕು ಪೆನಾಲ್ಟಿಗಳಲ್ಲಿ ಮೂರು, ಅಥವಾ ತುಸು ಹೆಚ್ಚು, ಗೋಲಾಗುತ್ತವೆ. ವಿಶ್ವಕಪ್ ಶೂಟ್‌ಔಟ್‌ಗಳಲ್ಲಿ ಇದು ಸುಮಾರು 70%. ಯಾವ ವೃತ್ತಿಪರ ಆಟಗಾರನ ನಿಜವಾದ ಸಾಮರ್ಥ್ಯವೂ 0% ಇರಲಾರದು, 100% ಕೂಡ ಇರಲಾರದು.

ಈ ಹಳೆಯ ತಿಳಿವಳಿಕೆಯನ್ನೂ ಹೊಸ ಫಲಿತಾಂಶವನ್ನೂ ಸೇರಿಸುವ ವಿಧಾನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಬೀಟಾ-ಬೈನಾಮಿಯಲ್ ಎಂದು ಹೆಸರು. ಹೆಸರು ಹೆದರಿಸುವಂತಿದೆ, ಲೆಕ್ಕ ಮಾತ್ರ ಬರೀ ಕೂಡುವುದು. ಬೈನಾಮಿಯಲ್ ಎಂದರೆ ಪ್ರತಿ ಒದೆತಕ್ಕೂ ಗೋಲು ಅಥವಾ ಮಿಸ್, ಎರಡೇ ಫಲಿತಾಂಶ. ಬೀಟಾ ಎಂದರೆ ಆಟಗಾರನ ಸಾಮರ್ಥ್ಯ ಎಷ್ಟಿರಬಹುದು ಎಂಬ ನಮ್ಮ ಅಂದಾಜನ್ನು ಎರಡು ಅಂಕಿಗಳಲ್ಲಿ ಬರೆದಿಡುವ ಕ್ರಮ.

ಉದಾಹರಣೆಗೆ ‘15 ಗೋಲು, 5 ಮಿಸ್’ ಎಂದು ಬರೆಯುತ್ತೇವೆ. ಇವು ಆಟಗಾರ ಹೊಡೆದ ಪೆನಾಲ್ಟಿಗಳಲ್ಲ, ನಾವೇ ಮುಂಗಡವಾಗಿ ಇಟ್ಟ ಕಾಲ್ಪನಿಕ ಒದೆತಗಳು. 20ರಲ್ಲಿ 15 ಎಂದರೆ 75%. ಇವರ ಸಾಮರ್ಥ್ಯ 75%ರ ಆಸುಪಾಸಿನಲ್ಲಿರಬಹುದು, 55 ಅಥವಾ 90 ಇದ್ದರೂ ಆಶ್ಚರ್ಯವಿಲ್ಲ, 20 ಇರುವುದು ಹೆಚ್ಚುಕಡಿಮೆ ಅಸಾಧ್ಯ ಎಂಬುದು ಇದರ ಅರ್ಥ. ಆಮೇಲೆ ನಿಜವಾದ ಗೋಲು ಬಂದರೆ ಮೊದಲ ಅಂಕಿಗೆ ಒಂದು ಕೂಡಿಸಿ, ಮಿಸ್ ಆದರೆ ಎರಡನೆಯದಕ್ಕೆ ಒಂದು ಕೂಡಿಸಿ. ಇಷ್ಟೇ.

ಸಾಕಾ ಹೊಡೆದದ್ದು ಶೂಟ್‌ಔಟ್‌ನಲ್ಲಿ. ಹಾಗಾಗಿ ಅವರಿಗೆ 70%ರಿಂದ, ಅಂದರೆ 14 ಗೋಲು 6 ಮಿಸ್‌ನಿಂದ ಶುರು ಮಾಡೋಣ. ಒಂದು ಮಿಸ್ ಸೇರಿದರೆ 14 ಮತ್ತು 7. 21ರಲ್ಲಿ 14 ಎಂದರೆ 66.7%. ಆ ಒಂದು ಒದೆತ ನಮ್ಮ ಅಂದಾಜನ್ನು 70ರಿಂದ 67ರ ಹತ್ತಿರಕ್ಕೆ ಇಳಿಸಬಹುದು, ಸೊನ್ನೆಗಲ್ಲ.

ಈಗ ಆ 100% ಆಟಗಾರ

ಮತ್ತೆ ಫಾರ್ವರ್ಡ್‌ಗೆ ಬರೋಣ. ಇಬ್ಬರಿಗೂ 15 ಮತ್ತು 5ರಿಂದ ಶುರು ಮಾಡಿದರೆ, ಮೂರಕ್ಕೆ ಮೂರು ಹೊಡೆದವರದು 18 ಮತ್ತು 5 ಆಗುತ್ತದೆ. ಅಂದಾಜು 78%. ಐವತ್ತರಲ್ಲಿ 45 ಹೊಡೆದವರದು 60 ಮತ್ತು 10. ಅಂದಾಜು 86%. ಚಿತ್ರ ತಲೆಕೆಳಗಾಯಿತು!

ಕಾರಣ ಸರಳ. 75% ಸಾಮರ್ಥ್ಯದ ಸಾಮಾನ್ಯ ಆಟಗಾರರು ತಲಾ ಮೂರು ಪೆನಾಲ್ಟಿ ಹೊಡೆದರೆ, ಅವರಲ್ಲಿ 42% ಮಂದಿ ಮೂರನ್ನೂ ಗೋಲು ಮಾಡುತ್ತಾರೆ. ಅಂದರೆ ‘100%’ ದಾಖಲೆ ಅವರಿಗೆ ಪುಕ್ಕಟೆಯಾಗಿ ಸಿಗುತ್ತದೆ. ಅದೇ ಆಟಗಾರ ಐವತ್ತರಲ್ಲಿ 45 ಹೊಡೆಯುವುದು ಅಪರೂಪ.

ಇನ್ನೂ ಒಂದು ವ್ಯತ್ಯಾಸವಿದೆ. ಮೂರು ಹೊಡೆದವರ ನಿಜವಾದ ಸಾಮರ್ಥ್ಯ 60ರಿಂದ 92%ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಐವತ್ತು ಹೊಡೆದವರದು ಸುಮಾರು 77ರಿಂದ 93%. ಮೊದಲನೆಯವರು ನಿಜಕ್ಕೂ ಎರಡನೆಯವರಿಗಿಂತ ಉತ್ತಮ ಆಗಿರಲೂಬಹುದು. ಅದನ್ನು ಹೇಳಲು ಮೂರು ಒದೆತ ಸಾಲದು, ಅಷ್ಟೇ.

ನಮಗೆ ಹೆಚ್ಚು ಇಷ್ಟವಾದ ಪ್ರಶ್ನೆ ಬೇರೆ: ಈ ‘100%’ ಆಟಗಾರ ಮುಂದಿನ ಐದು ಪೆನಾಲ್ಟಿಯಲ್ಲೂ ಗೋಲು ಹೊಡೆಯುತ್ತಾರಾ? ಇಲ್ಲೂ ಅದೇ ಲೆಕ್ಕ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಮುಂದಿನದು ಗೋಲಾಗುವ ಸಾಧ್ಯತೆ 23ರಲ್ಲಿ 18. ಅದು ಗೋಲಾದರೆ ಅದನ್ನೂ ಕೂಡಿಸಬೇಕು, ಆಗ ಅದರ ಮುಂದಿನದಕ್ಕೆ 24ರಲ್ಲಿ 19.

18/23 × 19/24 × 20/25 × 21/26 × 22/27 = 0.33

ಮೂರರಲ್ಲಿ ಒಂದು ಪಾಲು ಮಾತ್ರ. ಮುಂದಿನ ಐದರಲ್ಲಿ ಒಂದಾದರೂ ತಪ್ಪುವ ಸಾಧ್ಯತೆಯೇ ಹೆಚ್ಚು. ಹಾಗೆ ತಪ್ಪಿದ ದಿನ ‘ಇವರ ಫಾರ್ಮ್ ಹೋಯಿತು’ ಎಂಬ ಇನ್ನೊಂದು ಫಾರ್ವರ್ಡ್ ಬರುತ್ತದೆ. ಫಾರ್ಮ್ ಎಲ್ಲೂ ಹೋಗಿರಬೇಕಿಲ್ಲ.

ಆ 20 ಎಲ್ಲಿಂದ ಬಂತು?

ಇದು ನ್ಯಾಯವಾದ ಪ್ರಶ್ನೆ, ಈ ವಿಧಾನದ ದುರ್ಬಲ ಜಾಗವೂ ಇದೇ. ಮುಂಗಡವಾಗಿ ಎಷ್ಟು ಕಾಲ್ಪನಿಕ ಒದೆತ ಇಡಬೇಕು ಎಂಬುದು, ಆಟಗಾರರ ನಿಜವಾದ ಸಾಮರ್ಥ್ಯದಲ್ಲಿ ಎಷ್ಟು ವ್ಯತ್ಯಾಸವಿದೆ ಎನ್ನುವುದನ್ನು ಅವಲಂಬಿಸಿದೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಮಟ್ಟದವರಾದರೆ ದೊಡ್ಡ ಸಂಖ್ಯೆ ಇಡಬೇಕು, ಆಗ ಒಬ್ಬರ ಒಂದೆರಡು ಗೋಲುಗಳಿಂದ ಅಂದಾಜು ಅಲುಗಾಡುವುದಿಲ್ಲ. ತುಂಬ ವ್ಯತ್ಯಾಸವಿದ್ದರೆ ಚಿಕ್ಕ ಸಂಖ್ಯೆ ಸಾಕು. ಬಹಳ ಆಟಗಾರರ ದಾಖಲೆ ಕೈಯಲ್ಲಿದ್ದರೆ, ಅವರ ಶೇಕಡಾವಾರುಗಳು ಬರೀ ಅದೃಷ್ಟದಿಂದ ಚದುರಬಹುದಾದುದಕ್ಕಿಂತ ಎಷ್ಟು ಹೆಚ್ಚು ಚದುರಿವೆ ಎಂದು ನೋಡಿ ಇದನ್ನು ಲೆಕ್ಕ ಹಾಕುತ್ತಾರೆ. ಇಲ್ಲಿನ 20 ನಾವು ಉದಾಹರಣೆಗೆ ಆರಿಸಿಕೊಂಡದ್ದು.

ಹಾಗಾಗಿ ಸಂಖ್ಯೆ ಬದಲಿಸಿ ಮತ್ತೆ ನೋಡಿದೆವು. 20ರ ಬದಲು 8 ಇಟ್ಟರೆ (6 ಗೋಲು, 2 ಮಿಸ್) ಇಬ್ಬರ ಅಂದಾಜು 82% ಮತ್ತು 88%. 60 ಇಟ್ಟರೆ 76% ಮತ್ತು 82%. ಅಂಕಿಗಳು ಸರಿದಾಡಿದವು, ಆದರೆ ಯಾರು ಮುಂದೆ ಎಂಬುದು ಮೂರು ಸಲವೂ ಬದಲಾಗಲಿಲ್ಲ. ಒಂದು ವೇಳೆ ಬದಲಾಗಿದ್ದರೆ, ಉತ್ತರ ಬಂದದ್ದು ಆಟದಿಂದಲ್ಲ, ನಮ್ಮ ಊಹೆಯಿಂದ ಎಂದು ಅರ್ಥ.

ಇನ್ನೊಂದು ತಪ್ಪು ಗುಂಪಿನ ಆಯ್ಕೆಯಲ್ಲಿ ಆಗುತ್ತದೆ. ಕ್ಲಬ್‌ನ ಖಾಯಂ ಪೆನಾಲ್ಟಿ ಆಟಗಾರನ ಸರಾಸರಿಯನ್ನು, ಎಂದೂ ಪೆನಾಲ್ಟಿ ಹೊಡೆಯದ ಡಿಫೆಂಡರ್‌ಗೆ ಹಚ್ಚಿದರೆ ಅವರಿಂದ ಅತಿಯಾಗಿ ನಿರೀಕ್ಷಿಸಿದಂತೆ. ಈ ಲೆಕ್ಕ ಆಟಗಾರನ ಸಾಮರ್ಥ್ಯ ಬದಲಾಗುವುದಿಲ್ಲ ಎಂದೂ ಹಿಡಿದಿರುತ್ತದೆ. 19ರ ಹುಡುಗನ ಒದೆತಕ್ಕೂ 22ರ ಯುವಕನ ಒದೆತಕ್ಕೂ ಒಂದೇ ತೂಕ ಕೊಡುತ್ತದೆ.

ಸಾಕಾ ವಿಷಯದಲ್ಲಿ ಇದು ಮುಖ್ಯ. 2021ರ ನಂತರ ಅವರು ತಮ್ಮ ಕ್ಲಬ್ ಆರ್ಸೆನಲ್ ಪರ ಪೆನಾಲ್ಟಿ ಹೊಡೆಯುವ ಹೊಣೆ ಹೊತ್ತರು. 2024ರ ಜುಲೈ 6ರಂದು ಯೂರೋ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಸ್ವಿಟ್ಜರ್ಲೆಂಡ್ ವಿರುದ್ಧ ಮತ್ತೆ ಶೂಟ್‌ಔಟ್ ಆಡಿತು. ಸಾಕಾ ಈ ಸಲ ಗೋಲು ಹೊಡೆದರು, ಇಂಗ್ಲೆಂಡ್ 5-3ರಿಂದ ಗೆದ್ದಿತು. ಆ ಎರಡು ಒದೆತಗಳನ್ನಷ್ಟೇ ಇಟ್ಟುಕೊಂಡರೆ ಫಾರ್ವರ್ಡ್‌ಗಳ ಲೆಕ್ಕದಲ್ಲಿ ಅವರು 0%ರಿಂದ 50%ಗೆ ಹಾರಿದರು. ನಮ್ಮ ಲೆಕ್ಕದಲ್ಲಿ 15 ಮತ್ತು 7, ಅಂದರೆ 67%ರಿಂದ 68%ಗೆ ಬಂದರು.