ಗುರುತು ಚೀಟಿಯ ಮೂರು ಮನೆಗಳು

ಶಾಲೆಯ ಸಿಬ್ಬಂದಿಯ ಗುರುತು ಚೀಟಿಯಲ್ಲಿ ಮೂರು ಮನೆಗಳಿರುತ್ತವೆ. ಒಂದರಲ್ಲಿ ಭಾವಚಿತ್ರ, ಒಂದರಲ್ಲಿ ಹೆಸರು, ಕೆಳಗಿನದರಲ್ಲಿ ಬಾರ್‌ಕೋಡ್ ಎಂಬ ಗೀಟುಗಳ ಸಾಲು. ಅಡೂರಿನಂತಹ ಊರಿನ ಶಾಲೆಯಲ್ಲಿ ಮೂವತ್ತು ಮಂದಿಗೆ ಚೀಟಿ ಬೇಕಾದರೂ ಮಾದರಿ ಒಂದೇ ಸಾಕು. ಗಣಕಯಂತ್ರವು ಹೆಸರುಪಟ್ಟಿಯ ಒಂದೊಂದೇ ಸಾಲನ್ನು ಓದಿ ಮನೆಗಳನ್ನು ತುಂಬುತ್ತದೆ. ಕೆಲಸ ಸುಲಭ, ಆದರೆ ಮೂರು ಮನೆಗಳಲ್ಲಿಯೂ ಒಂದೊಂದು ತಪ್ಪು ಹೊಂಚು ಹಾಕಿರುತ್ತದೆ.

ಮೊದಲನೆಯದು ಭಾವಚಿತ್ರದ ತಪ್ಪು. ಚಿತ್ರಗಳಿಗೆ ತೆಗೆದ ಕ್ರಮದಲ್ಲಿ 1, 2, 3 ಎಂದು ಹೆಸರಿಟ್ಟರೆ, ಅಂದು ಒಬ್ಬರು ರಜೆಯಲ್ಲಿದ್ದರೂ ಸಾಕು, ಅವರಿಂದಾಚೆಗಿನ ಎಲ್ಲರ ಮುಖವೂ ಬೇರೆಯವರ ಹೆಸರಿಗೆ ಸೇರುತ್ತದೆ. ಆದುದರಿಂದ ಸಿಬ್ಬಂದಿ ಸಂಖ್ಯೆಯನ್ನೇ ಚಿತ್ರದ ಹೆಸರಾಗಿಡಬೇಕು. 123456 ಎಂಬ ಸಂಖ್ಯೆಯವರ ಚಿತ್ರ 123456.jpg ಆಗಿರಲಿ. ಮುಖ, ಹೆಸರು, ಗೀಟು ಮೂರನ್ನೂ ಕಟ್ಟುವ ದಾರ ಈ ಸಂಖ್ಯೆಯೇ.

ಎರಡನೆಯದು ನಮ್ಮವರಿಗೆ ಹೆಚ್ಚು ನೋವು ಕೊಡುವಂತಹದು. 'ಲಕ್ಷ್ಮೀ' ಎಂಬ ಹೆಸರು ಗಣಕಯಂತ್ರದೊಳಗೆ ಏಳು ಸಂಕೇತಗಳಾಗಿ ಸಾಲುಗಟ್ಟಿರುತ್ತದೆ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವ ನಿಯಮ ತಿಳಿಯದ ತಂತ್ರಾಂಶವು 'ಲಕ್‌ಷ್‌ಮೀ' ಎಂದು ಬಿಡಿಸಿ ಅಚ್ಚಿಸುತ್ತದೆ. ಆಗ "ಕನ್ನಡ ಸರಿ ಬರುವುದಿಲ್ಲ, ಇಂಗ್ಲಿಷ್ ಹಾಕಿ" ಎಂಬ ಮಾತು ಕೇಳಿಬರುತ್ತದೆ. ದೋಷ ಕನ್ನಡದ್ದಲ್ಲ. ಪೈಥಾನ್ ಭಾಷೆಯ Pillow ಬಳಸುವವರು ಅದರ ಜೊತೆ Raqm ಎಂಬ ಸಹಾಯಕ ಇದೆಯೇ ಎಂದು ನೋಡಿಕೊಳ್ಳಬೇಕು. ಅದಿದ್ದರೆ ಒತ್ತಕ್ಷರ ಕೂಡುತ್ತದೆ. ಪಟ್ಟಿಯಲ್ಲಿ ಒತ್ತು ಹೆಚ್ಚಿರುವ ಹೆಸರನ್ನೇ ಮೊದಲು ಅಚ್ಚಿಸಿ ನೋಡುವುದು ಲೇಸು.

ಮೂರನೆಯದು ಗೀಟುಗಳದು. ಕೋಡ್ 128 ಎಂಬ ವಿಧದಲ್ಲಿ ಕನ್ನಡ ಅಕ್ಷರ ಹಿಡಿಯುವುದಿಲ್ಲ. ಅದಕ್ಕೆ ಸಂಖ್ಯೆಯನ್ನಷ್ಟೇ ಕೊಡಬೇಕು. ಅಂಕಿಗಳನ್ನು ಎರಡೆರಡಾಗಿ ಜೋಡಿಸುವ ಕ್ರಮದಲ್ಲಿ 123456ಕ್ಕೆ, ಆರಂಭದ, ತಾಳೆಯ ಮತ್ತು ಮುಕ್ತಾಯದ ಗುರುತುಗಳೂ ಸೇರಿ, 68 ಕಿರುಪಟ್ಟಿಗಳಷ್ಟು ಅಗಲ ಬೇಕು. ಎರಡು ಬದಿಗಳಲ್ಲೂ ಹತ್ತು ಹತ್ತು ಪಟ್ಟಿಗಳಷ್ಟು ಬಿಳಿ ಜಾಗ ಬಿಟ್ಟರೆ ಒಟ್ಟು 88. ಇಂಚಿಗೆ 300 ಚುಕ್ಕಿಗಳ ಮುದ್ರಣದಲ್ಲಿ ಪಟ್ಟಿಗೆ ನಾಲ್ಕು ಚುಕ್ಕಿಯಂತೆ 352 ಚುಕ್ಕಿ, ಎಂದರೆ ಸುಮಾರು 30 ಮಿಲಿಮೀಟರ್. ಚೀಟಿಯ ಅಗಲ 85.6 ಮಿಲಿಮೀಟರ್ ಆದುದರಿಂದ ಜಾಗಕ್ಕೆ ಕೊರತೆಯಿಲ್ಲ. ಆದರೂ ಅಂದಕ್ಕೆಂದು ಈ ಚಿತ್ರವನ್ನು 300 ಚುಕ್ಕಿಗೆ ಕುಗ್ಗಿಸಿದರೆ ಕೆಲವು ಪಟ್ಟಿ ಮೂರು ಚುಕ್ಕಿ, ಕೆಲವು ನಾಲ್ಕು ಆಗುತ್ತವೆ. ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣದು, ಓದುವ ಯಂತ್ರ ಮಾತ್ರ ತಡವರಿಸುತ್ತದೆ. ಗೀಟುಗಳನ್ನು ಬೇಕಾದ ಅಳತೆಯಲ್ಲೇ ಬರೆಯಿಸಬೇಕಲ್ಲದೆ ಆಮೇಲೆ ಹಿಗ್ಗಿಸಕೂಡದು, ಕುಗ್ಗಿಸಕೂಡದು.

ಎಲ್ಲ ಚೀಟಿಗಳನ್ನೂ ಒಮ್ಮೆಗೇ ಅಚ್ಚಿಸುವ ಮೊದಲು ಒಂದನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಯಂತ್ರಕ್ಕೆ ತೋರಿಸಿ, ಅದು ಹೇಳುವ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ನೋಡಬೇಕು. ಬಳಿಕ ಆ ಚೀಟಿಯನ್ನು ಅದರ ಒಡೆಯರ ಕೈಗೆ ಕೊಟ್ಟು ಹೆಸರನ್ನು ಓದಿಸಬೇಕು. ತಮ್ಮ ಹೆಸರಿನ ತಪ್ಪನ್ನು ಅವರಷ್ಟು ಬೇಗ ಕಂಡುಹಿಡಿಯುವವರು ಬೇರಾರೂ ಇಲ್ಲ.