ತೋಟದ ಆದಾಯಕ್ಕೆ ತೆರಿಗೆಯಿಲ್ಲ, ಆದರೂ ಲೆಕ್ಕಕ್ಕುಂಟು

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಸಂಬಳವೂ ತೋಟವೂ ಇರುವವರಿಗೆ, ಸಂಬಳದ ಮೇಲಿನ ತೆರಿಗೆಯ ದರವನ್ನು ತೋಟದ ಆದಾಯ ಏರಿಸಬಹುದು. ಖರ್ಚು ಕಳೆದ ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯವೂ ತೆರಿಗೆರಹಿತ ಮಿತಿಯನ್ನು ದಾಟಿದರೆ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಹಳೆಯ ತೆರಿಗೆ ಪದ್ಧತಿಯಲ್ಲಿರುವ, 60 ವರ್ಷದೊಳಗಿನ ಶಿಕ್ಷಕರೊಬ್ಬರನ್ನು ಊಹಿಸಿಕೊಳ್ಳಿ. ಕಡಿತಗಳ ನಂತರ ಅವರ ಸಂಬಳದ ಆದಾಯ 6,00,000 ರೂಪಾಯಿ. ಅಡಿಕೆ ತೋಟದ ನಿವ್ವಳ ಆದಾಯ 2,00,000.

ಮೊದಲ ಹೆಜ್ಜೆ: ಎರಡನ್ನೂ ಕೂಡಿಸಿ. ಒಟ್ಟು 8,00,000ಕ್ಕೆ ತೆರಿಗೆ 72,500 ರೂಪಾಯಿ.

ಎರಡನೆಯದು: ತೋಟದ ಆದಾಯಕ್ಕೆ ತೆರಿಗೆರಹಿತ ಮಿತಿಯಾದ 2,50,000 ಸೇರಿಸಿ. ಬರುವ 4,50,000ಕ್ಕೆ ತೆರಿಗೆ 10,000.

ಮೂರನೆಯದು: ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿಯುವ 62,500ಕ್ಕೆ ಶೇ. 4ರ ಸೆಸ್ 2,500 ಸೇರಿದರೆ ಕಟ್ಟಬೇಕಾದ್ದು 65,000 ರೂಪಾಯಿ.

ತೋಟವೇ ಇಲ್ಲದಿದ್ದರೆ ಅವರು ಕಟ್ಟುತ್ತಿದ್ದುದು 33,800. ವ್ಯತ್ಯಾಸಕ್ಕೆ ಕಾರಣವಿಷ್ಟೇ: ಕೆಳಗಿನ ಶೇ. 5ರ ಹಂತವನ್ನು ಬಹುಪಾಲು ಕೃಷಿ ಆದಾಯವೇ ಆಕ್ರಮಿಸಿ, ಸಂಬಳ ಶೇ. 20ರ ಹಂತಕ್ಕೆ ಸರಿಯುತ್ತದೆ.

ಹೊಸ ಪದ್ಧತಿಯಲ್ಲೂ ಹೆಜ್ಜೆಗಳು ಇವೇ. ಮಿತಿ ಮತ್ತು ದರ ಮಾತ್ರ ಬೇರೆ. ಹಾಗಾಗಿ ತೆರಿಗೆಯಿಲ್ಲವೆಂದು ಕೃಷಿ ಆದಾಯವನ್ನು ರಿಟರ್ನ್‌ನಲ್ಲಿ ಕೈಬಿಡಬೇಡಿ. ಮಾರಾಟದ ಚೀಟಿ, ಖರ್ಚಿನ ರಸೀದಿಗಳನ್ನು ಜೋಪಾನವಾಗಿಡಿ.